ಕಿತ್ತೂರಿನ ಕತ್ತಿ, ರಾಮದುರ್ಗದ ಕಲ್ಲು, ಸಿದ್ದಾಪುರದ ಉಪವಾಸ: ಅಹಿಂಸಾ ಹೋರಾಟ ಗೆಲ್ಲುವುದು ಹೇಗೆ?

ಶ್ರಾವಕರ ಆಚಾರವನ್ನು ತಿಳಿಸುವ ಗ್ರಂಥಗಳು ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ ಮತ್ತು ವಿರೋಧಿ ಎಂದು ನಾಲ್ಕು ಬಗೆಯಾಗಿ ಹೇಳುತ್ತವೆ. ಗೃಹಸ್ಥನು ಸಂಕಲ್ಪಿ ಹಿಂಸೆಯನ್ನು ಪೂರ್ಣವಾಗಿ ಬಿಡಬೇಕು. ಆದರೆ ನಾಡಿನ ಮೇಲೆ, ಮನೆಯ ಮೇಲೆ ಬಿದ್ದವರನ್ನು ಎದುರಿಸುವಾಗ ಆಗುವ ವಿರೋಧಿ ಹಿಂಸೆ ಅವನಿಗೆ ಅನಿವಾರ್ಯವಾಗಬಹುದು ಎಂದು ಒಪ್ಪಲಾಗಿದೆ. ಹೀಗಿರುವಾಗ ಅನ್ಯಾಯದ ಆಳ್ವಿಕೆಯನ್ನು ಎದುರಿಸುವವರ ಮುಂದೆ ಧರ್ಮದ ಪ್ರಶ್ನೆಯ ಜೊತೆಗೆ ಇನ್ನೊಂದು ಪ್ರಶ್ನೆಯೂ ಬರುತ್ತದೆ. ಶಸ್ತ್ರ ಹಿಡಿಯುವುದರಿಂದ ಕೆಲಸ ಆಗುತ್ತದೆಯೇ? ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಇತಿಹಾಸವನ್ನು ಈ ಎರಡನೆಯ ಪ್ರಶ್ನೆಯೊಂದಿಗೆ ಓದಿದರೆ ಹಲವು ಸಂಗತಿಗಳು ಸ್ಪಷ್ಟವಾಗುತ್ತವೆ.

ಕಿತ್ತೂರು: ಗೆದ್ದ ಕಾಳಗ, ಸೋತ ಯುದ್ಧ

1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜ ತೀರಿಕೊಂಡಾಗ ದತ್ತು ಪುತ್ರನನ್ನು ಒಪ್ಪಲು ಈಸ್ಟ್ ಇಂಡಿಯಾ ಕಂಪನಿ ನಿರಾಕರಿಸಿತು. ಅದೇ ಅಕ್ಟೋಬರ್ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ರಾಣಿ ಚೆನ್ನಮ್ಮನ ಪಡೆ ಗೆದ್ದಿತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದ, ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಸೆರೆ ಸಿಕ್ಕರು. ಆದರೆ ಕಂಪನಿಗೆ ಬೇರೆ ಊರುಗಳಿಂದ ಸೈನ್ಯ ತರಿಸುವ ಶಕ್ತಿ ಇತ್ತು. ಡಿಸೆಂಬರ್ ಹೊತ್ತಿಗೆ ದೊಡ್ಡ ಪಡೆ, ದೊಡ್ಡ ತೋಪುಗಳು ಬಂದವು, ಕೋಟೆ ಬಿದ್ದಿತು. ಸೆರೆಯಾದ ರಾಣಿ 1829ರಲ್ಲಿ ಬೈಲಹೊಂಗಲದಲ್ಲಿ ಪ್ರಾಣ ಬಿಟ್ಟಳು.

ಸಂಗೊಳ್ಳಿ ರಾಯಣ್ಣ ಕೋಟೆಯನ್ನು ನಂಬದೆ ಅಡವಿಯನ್ನು ನಂಬಿದ. ಸರ್ಕಾರಿ ಕಚೇರಿಗಳ ಮೇಲೆ ಬಿದ್ದು ಕಾಗದಪತ್ರ ಸುಟ್ಟ, ಖಜಾನೆ ಕೊಳ್ಳೆ ಹೊಡೆದ. ಕಂಪನಿಯ ಸೈನ್ಯಕ್ಕೆ ಅವನನ್ನು ಹಿಡಿಯುವುದು ಕಷ್ಟವಾಯಿತು. ಕೊನೆಗೆ ನಮ್ಮವರೇ ಕೆಲವರು ಮಾಡಿದ ದ್ರೋಹದಿಂದ ಅವನು ಸಿಕ್ಕಿಬಿದ್ದ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು.

ಇವರಿಬ್ಬರ ಶೌರ್ಯದಲ್ಲಿ ಕೊರತೆಯಿರಲಿಲ್ಲ. ಇದ್ದ ತೊಡಕು ಹೋರಾಟದ ಬಗೆಯದು. ಅಡವಿ ಸೇರಿ ಕಾದಾಡಲು ಹರೆಯ ಬೇಕು, ಶಸ್ತ್ರದ ಅಭ್ಯಾಸ ಬೇಕು, ಮನೆಮಾರು ಬಿಡುವ ಸಿದ್ಧತೆ ಬೇಕು. ಸಾವಿರ ಜನರ ಮನಸ್ಸಿನಲ್ಲಿ ಅಭಿಮಾನ ಇದ್ದರೂ ಕಣಕ್ಕೆ ಇಳಿಯುವವರು ಕೆಲವರೇ. ಆ ಕೆಲವರನ್ನು ಹಿಡಿದರೆ ಹೋರಾಟವೇ ಮುಗಿಯುತ್ತದೆ.

ಸಿದ್ದಾಪುರ: ಹರಾಜು ಹಿಡಿದವರ ಬಾಗಿಲಲ್ಲಿ

ಸುಮಾರು ನೂರು ವರ್ಷದ ನಂತರ, ಬೆಳಗಾವಿಯಂತೆಯೇ ಮುಂಬೈ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡದಲ್ಲಿ ಬೇರೆ ರೀತಿಯ ಹೋರಾಟ ನಡೆಯಿತು. ಸಿದ್ದಾಪುರ ಮತ್ತು ಅಂಕೋಲಾದ ರೈತರು ಕಂದಾಯ ಕೊಡುವುದಿಲ್ಲ ಎಂದು ನಿಂತರು. ಸರ್ಕಾರ ಅವರ ಜಮೀನು, ದನಕರು, ಪಾತ್ರೆಪಗಡಗಳನ್ನು ಜಪ್ತಿ ಮಾಡಿ ಹರಾಜಿಗಿಟ್ಟಿತು.

ಇಲ್ಲೇ ಸರ್ಕಾರದ ದುರ್ಬಲ ಜಾಗ ಕಾಣಿಸಿತು. ಜಪ್ತಿ ಮಾಡಿದ ಜಮೀನಿನಿಂದ ಹಣ ಬರಬೇಕಾದರೆ ಅದನ್ನು ಯಾರಾದರೂ ಕೊಳ್ಳಬೇಕು, ಕೊಂಡವರು ಊರಿನಲ್ಲಿ ಬಾಳಬೇಕು. 1932ರಲ್ಲಿ ಸಿದ್ದಾಪುರ ತಾಲ್ಲೂಕಿನ ಮಾವಿನಗುಂಡಿಯಲ್ಲಿ ಜಮೀನು ಕಳೆದುಕೊಂಡ ಮನೆಗಳ ಹೆಣ್ಣುಮಕ್ಕಳು ಹರಾಜು ಹಿಡಿದವರ ಬಾಗಿಲ ಮುಂದೆ ಉಪವಾಸ ಕುಳಿತರು. ಅವರು ಯಾರಿಗೂ ಕೈ ಎತ್ತಲಿಲ್ಲ. ಆದರೆ ಬಾಗಿಲಲ್ಲಿ ಉಪವಾಸ ಕೂತವರನ್ನು ದಾಟಿ ಓಡಾಡುವುದು ಯಾವ ಮನೆಯವರಿಗೂ ಸುಲಭವಲ್ಲ. ಸರ್ಕಾರದ ಕಾಗದದಲ್ಲಿ ಸಿಕ್ಕ ಜಮೀನು ಊರಿನಲ್ಲಿ ದಕ್ಕದಂತೆ ಮಾಡುವ ಉಪಾಯ ಇದು.

ಈ ಹೋರಾಟಕ್ಕೆ ಬಂದೂಕು ಹಿಡಿಯಲು ಬಾರದ ಅಜ್ಜಿಯೂ ಸೇರಬಹುದಿತ್ತು, ಮಗುವಿನ ತಾಯಿಯೂ ಸೇರಬಹುದಿತ್ತು. ಮುಖಂಡನೊಬ್ಬನನ್ನು ಜೈಲಿಗೆ ಹಾಕಿದರೆ ಅದು ನಿಲ್ಲುತ್ತಿರಲಿಲ್ಲ. ಹಾಗೆಂದು ಇದು ಸುಲಭದ ಗೆಲುವೂ ಅಲ್ಲ. 1934ರಲ್ಲಿ ಕಾನೂನುಭಂಗ ಚಳವಳಿ ಹಿಂದಕ್ಕೆ ಹೋದಾಗಲೂ ಅನೇಕ ಕುಟುಂಬಗಳು ಜಮೀನಿಲ್ಲದೆ ಇದ್ದವು. 1937ರಲ್ಲಿ ಮುಂಬೈ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಜಮೀನು ಮರಳಿಸುವ ಕ್ರಮ ಕೈಗೊಳ್ಳಲಾಯಿತು.

ರಾಮದುರ್ಗ: ಒಂದು ದಿನದಲ್ಲಿ ಕೈತಪ್ಪಿದ್ದು

ರಾಮದುರ್ಗ ಆಗ ಪುಟ್ಟ ಸಂಸ್ಥಾನ. ತೆರಿಗೆಯ ಭಾರ ಇಳಿಸಬೇಕು, ಆಡಳಿತದಲ್ಲಿ ಪ್ರಜೆಗಳಿಗೆ ಪಾಲು ಬೇಕು ಎಂದು ಪ್ರಜಾ ಸಂಘ ಜನರನ್ನು ಒಟ್ಟುಗೂಡಿಸಿತ್ತು. 1939ರಲ್ಲಿ ಮುಖಂಡರ ಬಂಧನವಾಯಿತು. ಏಪ್ರಿಲ್ 7ರಂದು ಹಳ್ಳಿಗಳಿಂದ ಬಂದ ಜನ ರೊಚ್ಚಿಗೆದ್ದು ಸೆರೆಮನೆಗೆ ನುಗ್ಗಿದರು, ಪೊಲೀಸರು ಹತರಾದರು. ಗಾಂಧೀಜಿ ಈ ಹಿಂಸೆಯನ್ನು ಖಂಡಿಸಿದರು.

ಅಲ್ಲಿಯವರೆಗೆ ಪ್ರಶ್ನೆ ತೆರಿಗೆಯದಾಗಿತ್ತು, ಉತ್ತರ ಕೊಡಬೇಕಾದವರು ಅರಸರಾಗಿದ್ದರು. ಮರುದಿನದಿಂದ ಪ್ರಶ್ನೆ ಕೊಲೆಯದಾಯಿತು, ಉತ್ತರ ಕೊಡಬೇಕಾದವರು ಪ್ರಜೆಗಳಾದರು. ಬಂಧನ, ಮೊಕದ್ದಮೆ, ಮರಣದಂಡನೆಗಳ ನಡುವೆ ಚಳವಳಿ ಕುಸಿಯಿತು. ಜನರಲ್ಲಿ ಧೈರ್ಯ ಇತ್ತು, ಸಂಖ್ಯೆಯೂ ಇತ್ತು. ಮುಖಂಡರು ಒಳಗಿದ್ದಾಗ ಏನು ಮಾಡಬೇಕು, ಏನು ಮಾಡಬಾರದು ಎಂಬ ತಾಲೀಮು ಇರಲಿಲ್ಲ.

ಲೆಕ್ಕ ಹೇಳುವುದೇನು

ಎರಿಕಾ ಚೆನೋವೆತ್ ಮತ್ತು ಮರಿಯಾ ಸ್ಟೀಫನ್ ಎಂಬ ಅಮೆರಿಕದ ಇಬ್ಬರು ವಿದ್ವಾಂಸರು 1900ರಿಂದ 2006ರವರೆಗಿನ 323 ಹೋರಾಟಗಳನ್ನು ಹೋಲಿಸಿ 2011ರಲ್ಲಿ ಪುಸ್ತಕ ಪ್ರಕಟಿಸಿದರು. ಸರ್ಕಾರವನ್ನು ಇಳಿಸುವ, ಪರಕೀಯರನ್ನು ಹೊರಹಾಕುವ, ಪ್ರತ್ಯೇಕವಾಗುವ ದೊಡ್ಡ ಗುರಿಯ ಹೋರಾಟಗಳನ್ನಷ್ಟೇ ಅವರು ತೆಗೆದುಕೊಂಡರು. ಅಹಿಂಸಾತ್ಮಕ ಹೋರಾಟಗಳಲ್ಲಿ ಶೇ. 53 ಪೂರ್ತಿ ಗೆದ್ದಿದ್ದವು. ಸಶಸ್ತ್ರ ಹೋರಾಟಗಳಲ್ಲಿ ಗೆದ್ದದ್ದು ಶೇ. 26 ಮಾತ್ರ.

ಅವರು ಕೊಟ್ಟ ಮುಖ್ಯ ಕಾರಣ ಭಾಗವಹಿಸುವವರ ಸಂಖ್ಯೆ. ಎಲ್ಲ ವಯಸ್ಸಿನ, ಎಲ್ಲ ವೃತ್ತಿಯ ಜನ ಸೇರಿದಾಗ ಅವರಲ್ಲಿ ಪೊಲೀಸನ ತಮ್ಮ, ಗುಮಾಸ್ತನ ತಾಯಿ ಇದ್ದೇ ಇರುತ್ತಾರೆ. ತನ್ನ ಮೇಲೆ ಗುಂಡು ಹಾರಿಸುವವನಿಗೆ ಸೈನಿಕ ತಿರುಗಿ ಗುಂಡು ಹಾರಿಸುತ್ತಾನೆ. ಬರಿಗೈಯಲ್ಲಿ ನಿಂತವರ ಎದುರು ಅವನು ಹಿಂಜರಿಯುವ ಸಾಧ್ಯತೆ ಹೆಚ್ಚು. 1986ರಲ್ಲಿ ಫಿಲಿಪ್ಪೀನ್ಸ್‌ನ ಮನಿಲಾದಲ್ಲಿ ಟ್ಯಾಂಕುಗಳ ಮುಂದೆ ಜನಸಾಗರವೇ ಕುಳಿತಾಗ ಸೈನಿಕರು ಗುಂಡು ಹಾರಿಸಲಿಲ್ಲ, ಮಾರ್ಕೋಸ್ ದೇಶ ಬಿಟ್ಟು ಹೋದ.

ಇದಕ್ಕೂ ಮಿತಿ ಇದೆ. ಶೇ. 53 ಎಂದರೆ ಅಹಿಂಸಾತ್ಮಕ ಹೋರಾಟಗಳಲ್ಲೂ ಹತ್ತಿರ ಹತ್ತಿರ ಅರ್ಧದಷ್ಟು ಪೂರ್ತಿ ಗೆಲ್ಲಲಿಲ್ಲ ಎಂದೇ ಅರ್ಥ. ಜನಸಂಖ್ಯೆಯ ಶೇ. 3.5ರಷ್ಟು ಜನ ಬೀದಿಗೆ ಬಂದರೆ ಗೆಲುವು ಖಚಿತ ಎಂಬ ಮಾತು ಪ್ರಚಾರದಲ್ಲಿದೆ. ಆದರೆ 2011ರಲ್ಲಿ ಬಹರೈನ್‌ನಲ್ಲಿ ಅದಕ್ಕಿಂತ ಹೆಚ್ಚು ಜನ ಬಂದರೂ ಹೋರಾಟ ಸೋತಿತು. 2010ರ ನಂತರದ ಅಹಿಂಸಾತ್ಮಕ ಹೋರಾಟಗಳಲ್ಲಿ ಗೆದ್ದವು ಶೇ. 34ಕ್ಕಿಂತ ಕಡಿಮೆ ಎಂದು ಚೆನೋವೆತ್ ಅವರೇ ಮುಂದೆ ಬರೆದಿದ್ದಾರೆ. ಸರ್ಕಾರಗಳು ಎದುರಾಳಿಯ ನಡೆಗಳನ್ನು ಕಲಿತಿವೆ. ಹೋರಾಟಗಳು ಮೆರವಣಿಗೆಯನ್ನೇ ಹೆಚ್ಚು ನೆಚ್ಚಿ ಅಸಹಕಾರವನ್ನು ಮರೆತಿವೆ. ಆದರೆ ಇದೇ ಅವಧಿಯಲ್ಲಿ ಸಶಸ್ತ್ರ ಹೋರಾಟಗಳ ಗೆಲುವು ಶೇ. 8ಕ್ಕೆ ಇಳಿದಿದೆ.

ಮೆರವಣಿಗೆ ಜನರ ಸಂಖ್ಯೆಯನ್ನು ತೋರಿಸುತ್ತದೆ, ಅಸಹಕಾರ ಆಳುವವರ ಕೆಲಸವನ್ನೇ ನಿಲ್ಲಿಸುತ್ತದೆ. ಮಾವಿನಗುಂಡಿಯ ಹೆಣ್ಣುಮಕ್ಕಳು ಊರ ಬೀದಿಯಲ್ಲಿ ಘೋಷಣೆ ಕೂಗಿ ಮನೆಗೆ ಮರಳಲಿಲ್ಲ. ಹರಾಜು ಯಾರಿಂದ ನಡೆಯುತ್ತದೆ ಎಂದು ನೋಡಿ ಅವರ ಬಾಗಿಲಿಗೇ ಹೋಗಿ ಕುಳಿತರು.