ಮೂರಕ್ಕೂ ಒಂಬತ್ತಕ್ಕೂ ತಾಳೆ

ಜಮೀನಿನ ವ್ಯವಹಾರ ಈಗ ಶುರುವಾಗುವುದೇ ಫೋನಿನಲ್ಲಿ. ತಮ್ಮನೋ, ಸೋದರಳಿಯನೋ, ಜಮೀನು ನೋಡಿಕೊಂಡು ಬಂದ ದಲ್ಲಾಳಿಯೋ ಪಹಣಿಯ ಫೋಟೊ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕುತ್ತಾರೆ. ನೋಡುವವರು ಬೆರಳಿಂದ ಹಿಗ್ಗಿಸಿ ಮೊದಲು ಹುಡುಕುವುದು ಹೆಸರನ್ನು. ಹೆಸರು ಸಿಕ್ಕಿತೆಂದರೆ ಪಹಣಿ ಓದಿಯಾಯಿತು ಎಂಬ ಸಮಾಧಾನ. ಆದರೆ ಪಹಣಿಯಲ್ಲಿ ಎಡವುವುದು ಹೆಸರಿಗಿಂತ ಹೆಚ್ಚಾಗಿ ಅಂಕಿಗಳಲ್ಲಿ. ಆದ್ದರಿಂದ ಓದನ್ನು ಎಡಗಡೆಯ ಮೇಲಿನ ಮೂಲೆಯಿಂದಲೇ ಶುರು ಮಾಡಬೇಕು.

ಮೇಲ್ಗಡೆ ತಾಲ್ಲೂಕು, ಹೋಬಳಿ, ಗ್ರಾಮದ ಹೆಸರಿರುತ್ತದೆ. ಈ ಸಾಲು ಫೋಟೊದಲ್ಲಿ ಕತ್ತರಿಸಿ ಹೋಗಿದ್ದರೆ ಮುಂದೆ ಓದುವ ಅಗತ್ಯವೇ ಇಲ್ಲ, ಇನ್ನೊಂದು ಫೋಟೊ ಕೇಳಿ. 112ನೇ ಸರ್ವೆ ನಂಬರು ಪಕ್ಕದ ಊರಲ್ಲೂ ಇರುತ್ತದೆ. ಕಾಲಂ 1 ಮತ್ತು 2ರಲ್ಲಿ ಸರ್ವೆ ನಂಬರು, ಹಿಸ್ಸಾ ನಂಬರು. ಕಂಪ್ಯೂಟರ್ ಪಹಣಿಯಲ್ಲಿ ಇದು 112/*/2 ಎಂಬಂತೆ ಕಾಣುತ್ತದೆ. ನಡುವಿನ ನಕ್ಷತ್ರ ಅಲ್ಲಿ ಬೇರೇನೂ ಉಪಸಂಖ್ಯೆ ಇಲ್ಲ ಎಂಬುದಕ್ಕೆ. ಕೊನೆಯ 2 ಹಿಸ್ಸಾ, ಅಂದರೆ 112ನ್ನು ಅಳತೆ ಮಾಡಿ ಒಡೆದಾಗ ಬಂದ ಎರಡನೇ ತುಂಡು. ಹಿಸ್ಸಾದ ಜಾಗದಲ್ಲಿ ‘ಪಿ’ ಅಕ್ಷರವಿದ್ದರೆ ಅದು ‘ಪೈಕಿ’ ನಂಬರು. ದೊಡ್ಡ ಸರ್ವೆ ನಂಬರಿನ ಪೈಕಿ ಇಷ್ಟು ಜಮೀನು ಇವರದು ಎಂದು ಕಾಗದದಲ್ಲಿದೆ, ನೆಲದ ಮೇಲೆ ಪೋಡಿ, ದುರಸ್ತಿ ಆಗಿಲ್ಲ ಎಂದರ್ಥ. ಸರ್ಕಾರ ಮಂಜೂರು ಮಾಡಿದ ಜಮೀನುಗಳಲ್ಲಿ ಇದು ಬಹಳ. ಅಂಥ ಪಹಣಿ ಕೈಗೆ ಬಂದರೆ ಜಮೀನು ಎಲ್ಲಿದೆ ಎಂಬ ಪ್ರಶ್ನೆಯನ್ನೇ ಮೊದಲು ಎತ್ತಬೇಕು.

ಇನ್ನು ಕಾಲಂ 3. ಇಲ್ಲಿ ಒಟ್ಟು ವಿಸ್ತೀರ್ಣ, ಫೂಟ್ ಖರಾಬು ಅ, ಫೂಟ್ ಖರಾಬು ಬ, ಉಳಿದದ್ದು ಎಂದು ಒಂದರ ಕೆಳಗೊಂದು ಇರುತ್ತವೆ. ಒಂದು ಕಲ್ಪಿತ ಪಹಣಿ ಇಟ್ಟುಕೊಳ್ಳೋಣ. ಒಟ್ಟು 4.12.00, ಅ ಖರಾಬು 0.03.00, ಬ ಖರಾಬು 0.05.00, ಉಳಿದದ್ದು 4.04.00. ಈ ಚುಕ್ಕೆಗಳು ದಶಮಾಂಶದ ಚುಕ್ಕೆಗಳಲ್ಲ. ಮೊದಲನೆಯದು ಎಕರೆ, ಎರಡನೆಯದು ಗುಂಟೆ, ಮೂರನೆಯದು ಆಣೆ. ನಲವತ್ತು ಗುಂಟೆಗೆ ಒಂದು ಎಕರೆ, ಹದಿನಾರು ಆಣೆಗೆ ಒಂದು ಗುಂಟೆ. 33 ಅಡಿ ಉದ್ದ, 33 ಅಡಿ ಅಗಲದ ಚೌಕವೇ ಒಂದು ಗುಂಟೆ, 1,089 ಚದರ ಅಡಿ. ಹಾಗಾಗಿ 2.30 ಎಂದರೆ ಎರಡು ಮುಕ್ಕಾಲು ಎಕರೆ. ಪೇಟೆಯಲ್ಲಿ ಬೆಳೆದವರು ಅದನ್ನು ಎರಡೂಕಾಲಿನ ಆಸುಪಾಸು ಎಂದು ಓದುತ್ತಾರೆ, ಅರ್ಧ ಎಕರೆಯಷ್ಟು ಅಲ್ಲೇ ಕರಗಿಹೋಗುತ್ತದೆ. ಗುಂಟೆಯ ಜಾಗದಲ್ಲಿ 40 ಅಥವಾ ಅದಕ್ಕಿಂತ ದೊಡ್ಡ ಸಂಖ್ಯೆ ಕಂಡರೆ ಫೋಟೊ ಮಸುಕಾಗಿರಬೇಕು, ಇಲ್ಲವೇ ಬರೆದವರು ತಪ್ಪಿರಬೇಕು.

ಖರಾಬು ಅಂದಾಕ್ಷಣ ಸರ್ಕಾರದ್ದು ಅಂದುಕೊಳ್ಳುವವರಿದ್ದಾರೆ. ಅ ಖರಾಬು ಸಾಗುವಳಿಗೆ ಬಾರದ ನೆಲ: ಬಂಡೆ, ಕಣ, ಜಮೀನಿನವರದೇ ತೋಟದ ಮನೆ. ಅದಕ್ಕೆ ಕಂದಾಯವಿಲ್ಲ, ಆದರೆ ಅದು ಹಿಡುವಳಿದಾರನದೇ. ಬ ಖರಾಬು ಊರಿಗೆಲ್ಲ ಸೇರಿದ್ದು: ಬಂಡಿದಾರಿ, ಕಾಲುದಾರಿ, ಹಳ್ಳ, ಕಟ್ಟೆ, ಸ್ಮಶಾನ. ಇದನ್ನು ಮಾರುವಂತಿಲ್ಲ, ಬೇಲಿ ಹಾಕುವಂತೆಯೂ ಇಲ್ಲ. ನಮ್ಮ ಉದಾಹರಣೆಯಲ್ಲಿ ಐದು ಗುಂಟೆ ಬ ಖರಾಬು ಅಂದರೆ ಜಮೀನಿನ ಒಳಗೋ ಅಂಚಿಗೋ ದಾರಿಯೋ ಹಳ್ಳವೋ ಇದೆ ಎಂದಾಯಿತು. ‘ನಾಲ್ಕು ಎಕರೆ ಹನ್ನೆರಡು ಗುಂಟೆ’ ಎಂದು ಬೆಲೆ ಕಟ್ಟುವ ದಲ್ಲಾಳಿ ಆ ಐದು ಗುಂಟೆಗೂ ದುಡ್ಡು ಕೇಳುತ್ತಿದ್ದಾನೆ.

ಈಗ ಬಲಕ್ಕೆ ಸರಿದು ಕಾಲಂ 9ಕ್ಕೆ ಬನ್ನಿ. ಸ್ವಾಧೀನದಾರರ ಹೆಸರು, ತಂದೆಯ ಹೆಸರು, ಎದುರಿಗೆ ವಿಸ್ತೀರ್ಣ, ಖಾತೆ ನಂಬರು. ನಮ್ಮ ಪಹಣಿಯಲ್ಲಿ ದೊಡ್ಡಣ್ಣನಿಗೆ 1.20, ನಡುವಿನವನಿಗೆ 1.20. ಕಿರಿಯವನು ತೀರಿಕೊಂಡಿದ್ದಾನೆ, ಅವನ ಹೆಂಡತಿ ಮತ್ತು ಇಬ್ಬರು ಮಕ್ಕಳ ಹೆಸರು ಒಟ್ಟಿಗೆ ಇದೆ, ಎದುರಿಗೆ 1.04 ಒಂದೇ ಸಲ ಇದೆ. ಕ್ಯಾಲ್ಕುಲೇಟರಿನಲ್ಲಿ ಕೂಡಿದರೆ 3.44 ಬರುತ್ತದೆ. ಕಾಲಂ 3ರಲ್ಲಿ ಉಳಿದದ್ದು 4.04. ಜಮೀನು ಎಲ್ಲಿ ಹೋಯಿತು ಎಂದು ಅಣ್ಣತಮ್ಮಂದಿರು ಮುಖ ಮುಖ ನೋಡಿಕೊಳ್ಳುವುದು ಇಂಥಲ್ಲೇ. ಎಲ್ಲೂ ಹೋಗಿಲ್ಲ. ಗುಂಟೆಗಳನ್ನು ಬೇರೆ ಕೂಡಿ: 20, 20, 4 ಸೇರಿ 44. ಅದರಲ್ಲಿ 40 ತೆಗೆದರೆ ಒಂದು ಎಕರೆ, ಉಳಿದದ್ದು 4 ಗುಂಟೆ. ಎಕರೆಗಳು ಮೂರು, ಬಂದದ್ದೊಂದು, ಒಟ್ಟು ನಾಲ್ಕು. 4.04, ಕಾಲಂ 3ಕ್ಕೆ ತಾಳೆಯಾಯಿತು.

ಪಹಣಿ ಓದುವುದರಲ್ಲಿ ಇದಕ್ಕಿಂತ ಉಪಯುಕ್ತವಾದ ಇನ್ನೊಂದು ಲೆಕ್ಕವಿಲ್ಲ ಎಂದು ನನಗನ್ನಿಸುತ್ತದೆ. ತಾಲ್ಲೂಕು ಕಚೇರಿಯಲ್ಲಿ ‘ಮೂರು ಒಂಬತ್ತು ತಾಳೆ ಇಲ್ಲ’ ಎಂಬ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ. ಕೈಬರಹದ ಪಹಣಿಯನ್ನು ಕಂಪ್ಯೂಟರಿಗೆ ಏರಿಸುವಾಗ ಗುಂಟೆ ತಪ್ಪಿದ್ದು, ಹಳೆಯ ಕ್ರಯ ಒಂದು ಏರಿ ಅದಕ್ಕೆ ತಕ್ಕಂತೆ ಮಾರಿದವರ ವಿಸ್ತೀರ್ಣ ಇಳಿಯದೇ ಹೋದದ್ದು, ಹೀಗೆ ಕಾರಣ ಹಲವು. ಒಂಬತ್ತರ ಮೊತ್ತ ಮೂರಕ್ಕಿಂತ ಹೆಚ್ಚಿದ್ದರೆ ಒಂದೇ ನೆಲ ಇಬ್ಬರ ಹೆಸರಲ್ಲಿ ಕೂತಿದೆಯೇ ನೋಡಬೇಕು. ಕಡಿಮೆಯಿದ್ದರೆ ಯಾರದೋ ಹೆಸರು ಬಿಟ್ಟುಹೋಗಿರಬಹುದು. ಮೂರನೇ ಕಾಲಂನ ಬಗ್ಗೆಯೇ ಅನುಮಾನವಿದ್ದರೆ ಸರ್ವೆ ಇಲಾಖೆಯ ಆಕಾರ್‌ಬಂದ್ ನಕಲು ತೆಗೆಸಿ. ಆ ನಂಬರಿನ ವಿಸ್ತೀರ್ಣ, ಖರಾಬು, ಕಂದಾಯದ ಮೂಲ ಅಲ್ಲಿದೆ.

ಹೆಂಡತಿ, ಇಬ್ಬರು ಮಕ್ಕಳ ಹೆಸರಿನ ಎದುರು ಒಂದೇ ವಿಸ್ತೀರ್ಣ ಇದ್ದುದು ಜಂಟಿ ಖಾತೆಯ ಗುರುತು. ಮೂವರಿಗೂ ಸೇರಿ ಒಂದು ಎಕರೆ ನಾಲ್ಕು ಗುಂಟೆ, ತಲಾ ಅಷ್ಟಲ್ಲ. ತಾಯಿಯೊಬ್ಬರ ಸಹಿಯಿಂದ ಇಡೀ ಜಮೀನಿನ ಕ್ರಯ ಆಗುವುದಿಲ್ಲ. ಅಣ್ಣತಮ್ಮಂದಿರ ಪಾಲು ಕೂಡ ಇನ್ನೂ ಒಂದೇ ಹಿಸ್ಸಾದಲ್ಲಿದೆ. ದೊಡ್ಡಣ್ಣ ತನ್ನ 1.20 ಮಾರಬೇಕೆಂದರೆ ಅದು ಪೂರ್ವಕ್ಕೋ ಪಶ್ಚಿಮಕ್ಕೋ ಎಂದು ಪಹಣಿ ಹೇಳುವುದಿಲ್ಲ. ಸರ್ವೆಯವರು ಅಳೆದು ಕೊಡುವ 11ಇ ನಕ್ಷೆ ಬೇಕು. ತುಂಡು ಜಮೀನಿನ ನೋಂದಣಿಗೆ ಅದನ್ನು ಕೇಳುವುದೂ ಇದಕ್ಕೇ.

ಹೆಸರಿನ ಪಕ್ಕದ ಕಾಲಂ 10ರಲ್ಲಿ ಆ ಹೆಸರು ಹೇಗೆ ಬಂತು ಎಂಬುದಿದೆ: ಪೌತಿ, ವಿಭಾಗ, ಕ್ರಯ, ದಾನ, ಮಂಜೂರಾತಿ. ಜೊತೆಗೊಂದು ಎಂ.ಆರ್. ನಂಬರು, ಅಂದರೆ ಮ್ಯುಟೇಶನ್ ವಹಿಯ ನಂಬರು, ವರ್ಷದ ಸಮೇತ. ಪಹಣಿಗಿಂತ ಹಿಂದಕ್ಕೆ ಹೋಗಲು ಇದೇ ದಾರಿ. ಕಿರಿಯವನ ಮನೆಯವರ ಎದುರು ‘ಪೌತಿ’ ಎಂದಿದ್ದರೆ ಆ ಎಂ.ಆರ್. ನಕಲಿನಲ್ಲಿ ವಾರಸುದಾರರು ಯಾರೆಂದು ತಿಳಿಸಿದ್ದಾರೆ ನೋಡಿ. ಮದುವೆಯಾಗಿ ಹೋದ ಮಗಳ ಹೆಸರು ಬಿಟ್ಟಿರುವುದು ಪತ್ತೆಯಾಗುವುದು ಅಲ್ಲೇ.

ಫೋಟೊಗಳಲ್ಲಿ ಹೆಚ್ಚಾಗಿ ಅರ್ಧ ಕಾಣೆಯಾಗುವುದು ಕಾಲಂ 11, ಇತರೆ ಹಕ್ಕುಗಳು ಮತ್ತು ಋಣಗಳು. ಬ್ಯಾಂಕಿನ ಅಥವಾ ಸೊಸೈಟಿಯ ಸಾಲ, ಕೋರ್ಟಿನ ತಡೆ, ಭೂಸ್ವಾಧೀನದ ನಮೂದು ಇರುವುದು ಇಲ್ಲಿ. ಸಾಲ ತೀರಿದರೂ ನಮೂದು ತಾನಾಗಿ ಅಳಿಯುವುದಿಲ್ಲ, ಬ್ಯಾಂಕಿನ ಋಣಮುಕ್ತ ಪತ್ರ ಕೊಟ್ಟು ತೆಗೆಸಬೇಕು. ಕಾಲಂ 10ರಲ್ಲಿ ಮಂಜೂರಾತಿ ಎಂದಿದ್ದು ಮೂಲ ಹಿಡುವಳಿದಾರರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ, ಕಾಲಂ 11 ಖಾಲಿಯಿದ್ದರೂ ನಿಲ್ಲಿ. 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿಯಿಲ್ಲದೆ ಅಂಥ ಜಮೀನಿನ ಮಾರಾಟ ನಿಲ್ಲುವುದಿಲ್ಲ.

ಇಷ್ಟೆಲ್ಲ ಓದಿದ ಮೇಲೂ ಪಹಣಿ ಕ್ರಯಪತ್ರವಾಗುವುದಿಲ್ಲ. ಅದರ ನಮೂದನ್ನು ಬೇರೆ ರುಜುವಾತು ಆಗುವ ತನಕ ಸರಿಯೆಂದು ಭಾವಿಸಬೇಕೆಂದು ಭೂಕಂದಾಯ ಕಾಯ್ದೆಯ 133ನೇ ಕಲಂ ಹೇಳುತ್ತದೆ, ಅಷ್ಟೇ. ಫೋಟೊ ಇನ್ನೂ ಒಂದು ಮೆಟ್ಟಿಲು ಕೆಳಗೆ. ಮೂರು ವರ್ಷದ ಹಿಂದಿನ ನಕಲಿನ ಫೋಟೊವನ್ನು ಇವತ್ತು ಕಳಿಸಬಹುದು, ಅದು ನಿಜವಾದ ಪಹಣಿಯೇ ಆಗಿದ್ದರೂ ಆಮೇಲೆ ಆದ ಕ್ರಯ ಅದರಲ್ಲಿ ಇರುವುದಿಲ್ಲ. ನಕಲು ತೆಗೆಸಿದ ತಾರೀಕು ಹುಡುಕಿ. ನಂತರ ಅದೇ ಗ್ರಾಮ, ಸರ್ವೆ ನಂಬರು, ಹಿಸ್ಸಾ ಹಾಕಿ ಭೂಮಿ ಜಾಲತಾಣದಲ್ಲೋ ನಾಡಕಚೇರಿಯಲ್ಲೋ ಈಗಿನ ಪಹಣಿ ತೆಗೆದು, ಫೋಟೊದ ಪಕ್ಕದಲ್ಲಿಟ್ಟು 9, 10, 11 ಈ ಮೂರು ಕಾಲಂಗಳನ್ನು ಸಾಲು ಸಾಲಾಗಿ ಹೋಲಿಸಿ ನೋಡಿ.