ಬೋರ್ಡ್ ಬದಲಾಯಿತು, ಆಟ ಗುರುತು ಹಿಡಿಯಲಿಲ್ಲ

ಏಪ್ರಿಲ್‌ನ ಒಂದು ಸಂಜೆ ಸಾಗರದಲ್ಲಿ ಸಿಡಿಲು ಹೊಡೆದು ನನ್ನ ಅಕ್ಕನ ಮನೆಯ ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟುಹೋಯಿತು. ಇಂಟರ್ನೆಟ್ ಕೇಬಲನ್ನು ಯಾರೂ ಕಿತ್ತಿಟ್ಟಿರಲಿಲ್ಲ. ಪುಣ್ಯಕ್ಕೆ ಪ್ರೊಸೆಸರ್, ರ‍್ಯಾಮ್, ಡಿಸ್ಕ್ ಎಲ್ಲವೂ ಉಳಿದಿದ್ದವು. ಅಂಗಡಿಯವರು ಹೊಸ ಬೋರ್ಡಿಗೆ ಅವನ್ನೇ ಜೋಡಿಸಿ ಕೊಟ್ಟರು. ಕಂಪ್ಯೂಟರ್ ಎದ್ದಿತು, ಫೋಟೋಗಳೂ ಫೈಲುಗಳೂ ಇದ್ದ ಹಾಗೇ ಇದ್ದವು. ಅಕ್ಕನ ಮಗ ದುಡ್ಡು ಕೊಟ್ಟು ಕೊಂಡಿದ್ದ ರೈಲು ಓಡಿಸುವ ಆಟ ಮಾತ್ರ ತೆರೆಯಲಿಲ್ಲ.

"ಮಾವ, ದುಡ್ಡು ಕೊಟ್ಟು ತಗೊಂಡೋರನ್ನೇ ಕಳ್ಳರ ತರ ನೋಡ್ತಾರಲ್ಲ" ಎಂದು ಫೋನಿನಲ್ಲಿ ಸಿಡುಕಿದ. ಅವನ ಸಿಟ್ಟು ಸುಳ್ಳಲ್ಲ. ಆದರೆ ಆಟಕ್ಕೆ ಅವನ ಮುಖ ಗೊತ್ತಿಲ್ಲ, ಗೊತ್ತಿರುವುದು ಅವನ ಯಂತ್ರ ಮಾತ್ರ.

ಸ್ಟೀಮ್‌ನಂಥ ದೊಡ್ಡ ಮಳಿಗೆಯಲ್ಲಿ ಕೊಂಡ ಆಟ ಸಾಮಾನ್ಯವಾಗಿ ನಮ್ಮ ಖಾತೆಗೆ ಅಂಟಿಕೊಂಡಿರುತ್ತದೆ, ಯಂತ್ರ ಬದಲಾದರೂ ಲಾಗಿನ್ ಆದರೆ ಸಾಕು. ತಯಾರಕರಿಂದಲೇ ನೇರವಾಗಿ ಕೊಂಡ ಕೆಲವು ಆಟಗಳು ಹಾಗಲ್ಲ. ಲೈಸೆನ್ಸ್ ಕೀ ಹಾಕಿದಾಗ ಅವು ಬೋರ್ಡಿನ ಸರಣಿ ಸಂಖ್ಯೆ, ಅದರಲ್ಲೇ ಕೂತಿರುವ ನೆಟ್‌ವರ್ಕ್ ಭಾಗದ ವಿಳಾಸ, ಡಿಸ್ಕಿನ ಸಂಖ್ಯೆ ಇಂಥವನ್ನು ಓದಿ, ಕಲಸಿ, ಒಂದು ಗುರುತಿನ ಸಂಖ್ಯೆ ಮಾಡಿ ಸರ್ವರಿಗೆ ಕಳಿಸುತ್ತವೆ. ರ‍್ಯಾಮ್ ಹೆಚ್ಚಿಸಿದರೆ ಈ ಗುರುತು ಸಾಮಾನ್ಯವಾಗಿ ಅಲುಗುವುದಿಲ್ಲ. ಬೋರ್ಡ್ ಹೋದರೆ ಮಾತ್ರ ಒಂದೇ ಏಟಿಗೆ ಮೂರ್ನಾಲ್ಕು ಸಂಖ್ಯೆಗಳು ಬದಲಾಗುತ್ತವೆ. ಸರ್ವರ್ ಕಣ್ಣಿಗೆ ಅದು ರಿಪೇರಿಯಾದ ಕಂಪ್ಯೂಟರಲ್ಲ, ಬೇರೆಯವರ ಮನೆಯ ಕಂಪ್ಯೂಟರ್.

ಜೊತೆಗೆ ಎಣಿಕೆಯೂ ಇರುತ್ತದೆ. 2008ರಲ್ಲಿ 'ಸ್ಪೋರ್' ಎಂಬ ಆಟ ಬಂದಾಗ ಒಂದು ಕೀಗೆ ಮೂರೇ ಸಲ ಸಕ್ರಿಯಗೊಳಿಸುವ ಅವಕಾಶವಿತ್ತು. ಕೊಂಡವರು ರೊಚ್ಚಿಗೆದ್ದರು, ಕಂಪನಿ ಅದನ್ನು ಐದಕ್ಕೆ ಏರಿಸಿತು, ಹಳೆಯ ಯಂತ್ರದ ಸ್ಥಾನವನ್ನು ನಾವೇ ಬಿಡಿಸಿಕೊಳ್ಳುವ ಸಾಧನವನ್ನೂ ಆಮೇಲೆ ಕೊಟ್ಟಿತು. ನಮ್ಮ ಹುಡುಗನ ಆಟಕ್ಕಿದ್ದ ಮಿತಿ ಎರಡು. ಒಂದು ಸ್ಥಾನ ಅವನು ಎಂದೋ ಮಾರಿದ ಲ್ಯಾಪ್‌ಟಾಪಿನಲ್ಲಿತ್ತು, ಇನ್ನೊಂದು ಸುಟ್ಟ ಬೋರ್ಡಿನಲ್ಲಿ. ಸತ್ತ ಬೋರ್ಡಿನಿಂದ 'ಡಿಆಕ್ಟಿವೇಟ್' ಒತ್ತುವುದಾದರೂ ಹೇಗೆ?

ಅದಕ್ಕೂ ಮೊದಲು ಇನ್ನೊಂದು ತೊಡಕಿತ್ತು. ಶುರುವಿನಲ್ಲಿ ಆಟ ಹೇಳುತ್ತಿದ್ದುದು ಮಿತಿಯ ಮಾತನ್ನಲ್ಲ, ಸರ್ವರ್ ಸಿಗುತ್ತಿಲ್ಲ ಎಂದು. "ಬೇರೆ ವೆಬ್‌ಸೈಟ್‌ಗಳು ತೆರೀತಾವಾ?" ಎಂದು ಕೇಳಿದೆ. ಕೆಲವು ತೆರೆಯುತ್ತಿಲ್ಲ ಎಂದ. ತಾರೀಖು ನೋಡಿಸಿದರೆ ಹೊಸ ಬೋರ್ಡಿನ ಗಡಿಯಾರ ಎರಡು ವರ್ಷ ಹಿಂದಿತ್ತು. ಸುರಕ್ಷಿತ ಸಂಪರ್ಕಕ್ಕೆ ಬಳಸುವ ಪ್ರಮಾಣಪತ್ರಗಳಿಗೆ ಆರಂಭದ ಮತ್ತು ಮುಗಿಯುವ ದಿನಗಳಿರುತ್ತವೆ. ಕಂಪ್ಯೂಟರಿನ ಲೆಕ್ಕದಲ್ಲಿ ಆ ದಿನ ಇನ್ನೂ ಬಂದೇ ಇಲ್ಲದಿದ್ದರೆ ಅದು ಸಂಪರ್ಕವನ್ನೇ ಒಪ್ಪುವುದಿಲ್ಲ. ತಾರೀಖು ಸರಿಪಡಿಸಿದ ಮೇಲೆ ನಿಜವಾದ ಸಂದೇಶ ಹೊರಬಿತ್ತು: `Activation limit reached (2 of 2)`. ಮೊದಲ ಸಂದೇಶವನ್ನೇ ನಂಬಿ ಪತ್ರ ಬರೆದಿದ್ದರೆ ಅವರು ಇಂಟರ್ನೆಟ್, ಫೈರ್‌ವಾಲ್ ಎಂದು ಒಂದು ವಾರ ಅಲೆಸುತ್ತಿದ್ದರು. ಸಂದೇಶ ಬದಲಾದ ಮೇಲೆ ಮತ್ತೆ ಮತ್ತೆ ಕೀ ಹಾಕಿ ನೋಡುವುದು ಬೇಡ ಎಂದೆ. ಕೆಲವು ವ್ಯವಸ್ಥೆಗಳು ಪದೇ ಪದೇ ಬರುವ ವಿಫಲ ಯತ್ನಗಳನ್ನು ಅನುಮಾನದಿಂದ ನೋಡಿ ಕೀಯನ್ನೇ ತಡೆಹಿಡಿಯುತ್ತವೆ.

ಅಷ್ಟರಲ್ಲಿ ಅವನು ಒಂದು ಇಮೇಲ್ ಕಳಿಸಿಯಾಗಿತ್ತು. ಮೂರು ಸಾಲು, ಅದರಲ್ಲಿ ಎರಡು ಬೈಗುಳ. "ನಿಮ್ಮ ಆಟ ಕೆಲಸ ಮಾಡುತ್ತಿಲ್ಲ, ತಕ್ಷಣ ಸರಿಮಾಡಿ ಅಥವಾ ದುಡ್ಡು ವಾಪಸ್ ಕೊಡಿ" ಎಂಬುದು ಅದರ ತಿರುಳು. ಎರಡು ದಿನದ ಮೇಲೆ ಉತ್ತರ ಬಂತು: ಆರ್ಡರ್ ಸಂಖ್ಯೆ ಏನು, ಏನೆಂದು ತೋರಿಸುತ್ತಿದೆ? ತಪ್ಪು ಅವರದಲ್ಲ. ಆ ಕಡೆ ಕೂತವರು ಆರ್ಡರ್ ಹುಡುಕಬೇಕು, ಆ ಕೀಯ ಹಳೆಯ ಯಂತ್ರಗಳ ಪಟ್ಟಿ ತೆರೆಯಬೇಕು, ಇವನು ನಿಜವಾದ ಕೊಂಡವನೇ ಎಂದು ಖಾತ್ರಿ ಮಾಡಿಕೊಳ್ಳಬೇಕು, ಆಮೇಲೆ ಒಂದು ಸಾಲು ಅಳಿಸಬೇಕು. ಎಲ್ಲ ಮಾಹಿತಿ ಮುಂದಿದ್ದರೆ ನಿಮಿಷಗಳ ಕೆಲಸ. ಇಂಥ ಪತ್ರದಲ್ಲಿ ವಿನಯವೆಂದರೆ ಮೂರು ಸಲ 'ದಯವಿಟ್ಟು' ಬರೆಯುವುದಲ್ಲ, ಓದುವವರು ಇನ್ನೊಂದು ಪ್ರಶ್ನೆ ಕೇಳಬೇಕಾಗದಂತೆ ಬರೆಯುವುದು ಎಂಬುದು ನನ್ನ ಪಕ್ಕಾ ಅಭಿಪ್ರಾಯ.

ಹೊಸ ಬೋರ್ಡಿನ ಮಾದರಿ ಅವನಿಗೆ ಗೊತ್ತಿರಲಿಲ್ಲ, ಡಬ್ಬ ಅಂಗಡಿಯಲ್ಲೇ ಉಳಿದಿತ್ತು. ವಿಂಡೋಸ್‌ನ ಪವರ್‌ಶೆಲ್ ತೆರೆದು ಇದನ್ನು ಹಾಕಿಸಿದೆ:

```
Get-CimInstance Win32_BaseBoard |
  Select-Object Manufacturer, Product, SerialNumber
```

ತಯಾರಕರ ಹೆಸರು, ಮಾದರಿ ಬಂದವು. ಸರಣಿ ಸಂಖ್ಯೆಯ ಜಾಗದಲ್ಲಿ `Default string` ಎಂದಿತ್ತು. ಕೆಲವು ಬೋರ್ಡುಗಳಲ್ಲಿ ಕಾರ್ಖಾನೆಯವರು ಆ ಜಾಗವನ್ನು ತುಂಬಿರುವುದೇ ಇಲ್ಲ, ಹೆದರಬೇಕಿಲ್ಲ. ಪತ್ರಕ್ಕೆ ಮಾದರಿಯ ಹೆಸರು ಸಾಕು.

ಆಮೇಲೆ ಇಬ್ಬರೂ ಕೂಡಿ, ಹೊಸ ಪತ್ರವಾಗಿ ಅಲ್ಲ, ಅವರ ಉತ್ತರಕ್ಕೇ ಉತ್ತರವಾಗಿ ಬರೆದೆವು. ಒಂದೇ ದೂರಿಗೆ ನಾಲ್ಕು ಪತ್ರ ಹೋದರೆ ನಾಲ್ಕು ಜನ ಅದನ್ನು ಬೇರೆ ಬೇರೆಯಾಗಿ ಬಿಚ್ಚುತ್ತಾರೆ. ಇಂಗ್ಲಿಷಿನಲ್ಲಿ ಬರೆದದ್ದರ ಕನ್ನಡ ರೂಪ ಹೀಗಿದೆ:

"ನಮಸ್ಕಾರ. ಮೊದಲ ಪತ್ರದ ಒರಟುತನಕ್ಕೆ ಕ್ಷಮೆ ಇರಲಿ. ಸಿಡಿಲಿನಿಂದ ನನ್ನ ಮದರ್‌ಬೋರ್ಡ್ ಸುಟ್ಟು, ಏಪ್ರಿಲ್ 19ರಂದು ಹೊಸದನ್ನು ಹಾಕಿಸಿದೆ. ಪ್ರೊಸೆಸರ್, ಡಿಸ್ಕ್, ವಿಂಡೋಸ್ ಹಳೆಯವೇ. ಹಳೆಯ ಮತ್ತು ಹೊಸ ಬೋರ್ಡಿನ ಮಾದರಿ ಕೆಳಗಿವೆ. ಏಪ್ರಿಲ್ 21ರ ರಾತ್ರಿ 8.40ಕ್ಕೆ, ಭಾರತೀಯ ಕಾಲಮಾನದಲ್ಲಿ, ಸಕ್ರಿಯಗೊಳಿಸಲು ಯತ್ನಿಸಿದಾಗ ಮಿತಿ ಮುಗಿದಿದೆ ಎಂಬ ಸಂದೇಶ ಬಂತು, ಅದರ ಚಿತ್ರ ಲಗತ್ತಿಸಿದ್ದೇನೆ. ಹಳೆಯ ಬೋರ್ಡ್ ಚಾಲೂ ಆಗದ ಕಾರಣ ಅದರ ಸ್ಥಾನವನ್ನು ನಾನೇ ಬಿಡಿಸಲಾಗಲಿಲ್ಲ. ಗಡಿಯಾರ ಸರಿಪಡಿಸಿ, ಆಟವನ್ನು ಒಮ್ಮೆ ಮರುಸ್ಥಾಪಿಸಿ ನೋಡಿದ್ದೇನೆ. ಆರ್ಡರ್ ಸಂಖ್ಯೆ, ಕೊಂಡ ದಿನ, ಕೀಯ ಕೊನೆಯ ಐದು ಅಕ್ಷರ ಕೆಳಗಿವೆ. ಕೊಂಡಾಗ ಕೊಟ್ಟ ಇಮೇಲ್ ವಿಳಾಸದಿಂದಲೇ ಬರೆಯುತ್ತಿದ್ದೇನೆ. ಸುಟ್ಟ ಬೋರ್ಡಿನ ಸ್ಥಾನವನ್ನು ತೆರವು ಮಾಡಿಕೊಟ್ಟರೆ ಉಪಕಾರ. ಬೇಕಿದ್ದರೆ ರಿಪೇರಿಯ ಬಿಲ್ ಕಳಿಸುತ್ತೇನೆ."

ಇಡೀ ಕೀ ಬರೆಯುತ್ತೇನೆಂದ, ಬೇಡ ಎಂದೆ. ಆರ್ಡರ್ ಸಂಖ್ಯೆ ಸಿಕ್ಕರೆ ಕೀ ಅವರಿಗೇ ಸಿಗುತ್ತದೆ, ಅವರಾಗಿ ಕೇಳಿದರೆ ಆಗ ಕೊಟ್ಟರಾಯಿತು. ಪಾಸ್‌ವರ್ಡ್, ಕಾರ್ಡ್ ಸಂಖ್ಯೆಗಳನ್ನಂತೂ ಕೇಳಿದರೂ ಕೊಡಬಾರದು. ಸಮಯ ಬರೆದದ್ದಕ್ಕೆ ಕಾರಣವಿದೆ: ಅವರ ಸರ್ವರಿನ ದಾಖಲೆಯಲ್ಲಿ ಅದೇ ನಿಮಿಷದ ಸಾಲು ಇರುತ್ತದೆ, ಆದರೆ ಬೇರೆ ದೇಶದ ಗಡಿಯಾರದಲ್ಲಿ. ಮಾರಿದ ಲ್ಯಾಪ್‌ಟಾಪಿನ ವಿಷಯ ಬರೆಯೋಣವೇ ಬೇಡವೇ ಎಂದು ಅವನು ಹಿಂಜರಿದ. ಅವರ ಪಟ್ಟಿಯಲ್ಲಿ ಅದು ಹೇಗೂ ಕಾಣುತ್ತದೆ, ಮುಚ್ಚಿಟ್ಟರೆ ಅನುಮಾನ ಬರುತ್ತದೆ. ಕೊನೆಗೆ ಒಂದು ಸಾಲು ಸೇರಿಸಿದೆವು.

ಈ ದಾರಿ ಎಲ್ಲರಿಗೂ ತೆರೆಯುವುದಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಯಾರೋ ಮರುಮಾರಾಟಗಾರರಿಂದ ಬರಿ ಕೀ ಕೊಂಡವರ ಹೆಸರಿನಲ್ಲಿ ತಯಾರಕರ ಬಳಿ ಆರ್ಡರೇ ಇರುವುದಿಲ್ಲ. ಆಗ ಎಷ್ಟು ನಯವಾಗಿ ಬರೆದರೂ ಅವರು ಮಾರಿದವರ ಕಡೆಗೇ ಬೆರಳು ತೋರಿಸುತ್ತಾರೆ.

ನಮಗೆ ಮರುದಿನವೇ ಎರಡು ಸಾಲಿನ ಉತ್ತರ ಬಂತು. ಬಿಲ್ ಕೇಳಲಿಲ್ಲ. ಸುಟ್ಟ ಬೋರ್ಡಿನ ಜೊತೆಗೆ ಲ್ಯಾಪ್‌ಟಾಪಿನ ಸ್ಥಾನವನ್ನೂ ಅಳಿಸಿದ್ದರು. ಈಗ ಆಟದ ಪರದೆಯಲ್ಲಿ ಎರಡರಲ್ಲಿ ಒಂದು ಎಂದು ತೋರಿಸುತ್ತದೆ. ಗುಡುಗು ಕೇಳಿದರೆ ಅಕ್ಕ ಮೊದಲು ಇಂಟರ್ನೆಟ್ ಕೇಬಲ್ ಕೀಳುತ್ತಾಳೆ.