ನೂರರಲ್ಲಿ ತೊಂಬತ್ತೊಂಬತ್ತು ದಿನದ ಲೆಕ್ಕ

2024ರ ಜೂನ್ 4. ಲೋಕಸಭೆ ಚುನಾವಣೆಯ ಮತ ಎಣಿಕೆ ನಡೆದಿತ್ತು. ಮತಗಟ್ಟೆ ಸಮೀಕ್ಷೆಗಳನ್ನು ನಂಬಿ ಹಿಂದಿನ ದಿನ ಜಿಗಿದಿದ್ದ ಷೇರುಪೇಟೆ ಅಂದು ಮುಗ್ಗರಿಸಿತು. ನಿಫ್ಟಿ ಶೇ 5.93ರಷ್ಟು, ಬ್ಯಾಂಕ್ ನಿಫ್ಟಿ ಶೇ 7.95ರಷ್ಟು ಕುಸಿದವು. ನಿಫ್ಟಿ ಫಂಡಿನಲ್ಲಿ 6 ಲಕ್ಷ, ಬ್ಯಾಂಕ್ ನಿಫ್ಟಿ ಫಂಡಿನಲ್ಲಿ 4 ಲಕ್ಷ ಇಟ್ಟವರೊಬ್ಬರು ಇದ್ದರೆ, ಸಂಜೆಯ ಹೊತ್ತಿಗೆ ಅವರ 10 ಲಕ್ಷದಲ್ಲಿ 67,380 ರೂಪಾಯಿ ಕರಗಿರುತ್ತಿತ್ತು.

ಇಂಥ ಹೂಡಿಕೆಯಲ್ಲಿ ಒಂದೇ ದಿನಕ್ಕೆ ಎಷ್ಟು ಹೋಗಬಹುದು ಎಂದು ಮೊದಲೇ ಅಂದಾಜು ಮಾಡಲು ಬ್ಯಾಂಕುಗಳು ಬಳಸುವ ಲೆಕ್ಕಕ್ಕೆ ‘ವ್ಯಾಲ್ಯೂ ಅಟ್ ರಿಸ್ಕ್’ ಎಂದು ಹೆಸರು, ಬಾಯಿಮಾತಿನಲ್ಲಿ ‘ವಾರ್’. ಜೆ.ಪಿ. ಮಾರ್ಗನ್ ಬ್ಯಾಂಕಿನ ಮುಖ್ಯಸ್ಥರಾಗಿದ್ದ ಡೆನಿಸ್ ವೆದರ್‌ಸ್ಟನ್ ಅವರು ಪ್ರತಿ ಸಂಜೆ 4.15ಕ್ಕೆ ಇಡೀ ಬ್ಯಾಂಕಿನ ಅಪಾಯವನ್ನು ಒಂದೇ ಹಾಳೆಯಲ್ಲಿ ಕೇಳುತ್ತಿದ್ದರು. ಆ ಬ್ಯಾಂಕು 1994ರಲ್ಲಿ ತನ್ನ ವಿಧಾನವನ್ನು ಬಹಿರಂಗಪಡಿಸಿದ ಮೇಲೆ ಲೆಕ್ಕ ಎಲ್ಲೆಡೆ ಹರಡಿತು. ನಮ್ಮಲ್ಲಿ ಷೇರು ಕೊಂಡವರ ದಲ್ಲಾಳಿ ಖಾತೆಯಲ್ಲಿ ಕಾಣುವ ‘ವಾರ್ ಮಾರ್ಜಿನ್’ ಕೂಡ ಇದೇ ಕುಲದ್ದು.

‘ಶೇ 99ರ ವಾರ್ 20 ಸಾವಿರ’ ಎಂದರೆ, ನೂರು ದಿನಗಳಲ್ಲಿ ತೊಂಬತ್ತೊಂಬತ್ತು ದಿನ ನಷ್ಟ 20 ಸಾವಿರವನ್ನು ದಾಟದು ಎಂಬ ಅಂದಾಜು. ಉಳಿದ ಒಂದು ದಿನ ಎಷ್ಟು ಹೋದೀತು ಎಂಬುದರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಇದನ್ನೇ ಗರಿಷ್ಠ ನಷ್ಟ ಎಂದು ಓದಿಕೊಳ್ಳುವವರು ಕಡಿಮೆಯೇನಿಲ್ಲ.

ಲೆಕ್ಕದ ಮೊದಲ ದಾರಿ ಇತಿಹಾಸದ್ದು. ಕಳೆದ 500 ವಹಿವಾಟಿನ ದಿನಗಳನ್ನು, ಅಂದರೆ ಸುಮಾರು ಎರಡು ವರ್ಷವನ್ನು, ತೆಗೆದುಕೊಳ್ಳುತ್ತಾರೆ. ಪ್ರತಿ ದಿನಕ್ಕೆ ಒಂದು ಸಾಲು. ಅದರಲ್ಲಿ ನಿಫ್ಟಿ ಶೇಕಡಾ ಎಷ್ಟು ಏರಿತು ಅಥವಾ ಇಳಿಯಿತು, ಬ್ಯಾಂಕ್ ನಿಫ್ಟಿ ಎಷ್ಟು ಎಂಬ ಎರಡು ಅಂಕಿ. ಆ ಶೇಕಡಾವಾರನ್ನು ಇವತ್ತಿನ 6 ಲಕ್ಷಕ್ಕೂ 4 ಲಕ್ಷಕ್ಕೂ ಹಚ್ಚಿದರೆ ಆ ದಿನ ಮತ್ತೆ ಬಂದರೆ ಆಗುವ ಲಾಭ ಅಥವಾ ನಷ್ಟ ಸಿಗುತ್ತದೆ. ಜೂನ್ 4ರ ಸಾಲಿನಲ್ಲಿ 35,580 ಮತ್ತು 31,800 ಕೂಡಿ ಮೇಲೆ ಹೇಳಿದ 67,380 ಆಗುತ್ತದೆ. ಎರಡೂ ಅಂಕಿಗಳನ್ನು ಒಂದೇ ದಿನದಿಂದ ಎತ್ತಿಕೊಳ್ಳುವುದು ಇಲ್ಲಿ ಮುಖ್ಯ. ಎರಡು ಹೂಡಿಕೆಗಳು ಎಷ್ಟರಮಟ್ಟಿಗೆ ಜೊತೆಯಾಗಿ ಬೀಳುತ್ತವೆ ಎಂಬುದು ಆಗ ತಾನಾಗಿಯೇ ಲೆಕ್ಕದೊಳಗೆ ಬಂದುಬಿಡುತ್ತದೆ. ಬೇರೆ ಸೂತ್ರ ಬೇಕಿಲ್ಲ.

ಬಳಿಕ 500 ಸಾಲುಗಳನ್ನು ದೊಡ್ಡ ನಷ್ಟದಿಂದ ಕೆಳಕ್ಕೆ ಜೋಡಿಸುತ್ತಾರೆ. 500ರ ಶೇಕಡಾ ಒಂದು ಎಂದರೆ ಐದು. ಹಾಗಾಗಿ ಮೇಲಿನಿಂದ ಐದನೆಯ ಸಾಲೇ ಶೇ 99ರ ವಾರ್. ಅಲ್ಲಿ 20 ಸಾವಿರ ಇದೆ ಎಂದು ಇಟ್ಟುಕೊಳ್ಳೋಣ. ಮೊದಲ ಸಾಲಿನಲ್ಲಿ 67 ಸಾವಿರದ ಬದಲು 3 ಲಕ್ಷ ಇದ್ದಿದ್ದರೂ ಉತ್ತರ ಅದೇ 20 ಸಾವಿರ!

ಈ ವಿಧಾನದ ದೊಡ್ಡ ಗುಣ ಅದು ಊಹೆ ಬೇಡುವುದಿಲ್ಲ ಎಂಬುದು. ದೊಡ್ಡ ದೋಷ ಆಯ್ದುಕೊಂಡ ಅವಧಿಯಲ್ಲಿದೆ. 2020ರ ಜನವರಿ ಕೊನೆಯಲ್ಲಿ ಕುಳಿತು ಹಿಂದಿನ 500 ದಿನಗಳನ್ನು ನೋಡಿದವರಿಗೆ ನಿಫ್ಟಿ ಒಂದೇ ದಿನ ಶೇ 3ರಷ್ಟು ಬಿದ್ದ ಉದಾಹರಣೆ ಒಂದೂ ಸಿಗುತ್ತಿರಲಿಲ್ಲ. ಆಮೇಲೆ ಮಾರ್ಚ್ ಬಂತು. 9ರಂದು ಸುಮಾರು ಶೇ 5, 12ರಂದು ಶೇ 8.3, 16ರಂದು ಶೇ 7.6, 18ರಂದು ಶೇ 5.6, ಕೊನೆಗೆ 23ರಂದು ಶೇ 12.98. ನೂರು ದಿನಕ್ಕೊಮ್ಮೆ ದಾಟಬೇಕಿದ್ದ ಗೆರೆಯನ್ನು ಪೇಟೆ ಎರಡೇ ವಾರದಲ್ಲಿ ಐದು ಸಲ ದಾಟಿತು. ಕೆಟ್ಟ ದಿನಗಳು ಸರದಿಯಲ್ಲಿ ನಿಂತು ಒಂದೊಂದಾಗಿ ಬರುವುದಿಲ್ಲ, ಗುಂಪು ಕಟ್ಟಿಕೊಂಡು ಬರುತ್ತವೆ.

ತಮಾಷೆ ಇರುವುದು ಇದರ ಇನ್ನೊಂದು ತುದಿಯಲ್ಲಿ. ಆ ಮಾರ್ಚ್ ತಿಂಗಳು ಸರಿಸುಮಾರು 2022ರ ವಸಂತದವರೆಗೆ 500 ದಿನಗಳ ಪಟ್ಟಿಯಲ್ಲಿ ಉಳಿಯಿತು, ಪೇಟೆ ಶಾಂತವಿದ್ದಾಗಲೂ ವಾರ್ ಎತ್ತರದಲ್ಲೇ ಇರುವಂತೆ ಮಾಡಿತು. ಪಟ್ಟಿಯ ಬಾಲದಿಂದ ಆ ದಿನಗಳು ಜಾರಿದ ಕೂಡಲೇ ವಾರ್ ಇಳಿಯುತ್ತದೆ. ಹೂಡಿಕೆ ಬದಲಾಗಿಲ್ಲ, ಪೇಟೆಯೂ ಬದಲಾಗಿಲ್ಲ. ಕ್ಯಾಲೆಂಡರ್ ಮಾತ್ರ ಮುಂದೆ ಹೋಗಿದೆ. ಅದಕ್ಕೇ ಹಲವರು ಹಳೆಯ ದಿನಗಳಿಗೆ ಮೆಲ್ಲಮೆಲ್ಲನೆ ತೂಕ ಕಡಿಮೆ ಮಾಡುತ್ತಾ ಬರುತ್ತಾರೆ.

ಎರಡನೆಯ ದಾರಿ ಮಾಂಟೆ ಕಾರ್ಲೊ. 1946ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಾ ಒಬ್ಬಂಟಿ ಇಸ್ಪೀಟು ಆಡುತ್ತಿದ್ದ ಗಣಿತಜ್ಞ ಸ್ಟಾನಿಸ್ಲಾ ಉಲಾಮ್ ಅವರಿಗೆ, ಆಟ ಗೆಲ್ಲುವ ಸಾಧ್ಯತೆಯನ್ನು ಸೂತ್ರದಿಂದ ಹುಡುಕುವುದಕ್ಕಿಂತ ನೂರಾರು ಸಲ ಆಡಿ ಎಣಿಸುವುದೇ ಸುಲಭ ಎಂದು ಹೊಳೆಯಿತು. ಹೆಸರು ಬಂದದ್ದು ಮೊನಾಕೊದ ಜೂಜುಕಟ್ಟೆಯಿಂದ. ಇಲ್ಲಿ ನಡೆದುಹೋದ ದಿನಗಳ ಬದಲು ನಡೆಯಬಹುದಾದ ದಿನಗಳನ್ನು ಕಂಪ್ಯೂಟರ್ ಹುಟ್ಟಿಸುತ್ತದೆ.

ಅದಕ್ಕೆ ಮೂರು ಅಂಕಿ ಕೊಡಬೇಕು. ನಿಫ್ಟಿಯ ದಿನದ ಏರಿಳಿತ ಸಾಮಾನ್ಯವಾಗಿ ಶೇ 1, ಬ್ಯಾಂಕ್ ನಿಫ್ಟಿಯದು ಶೇ 1.3, ಇವೆರಡರ ನಡುವಿನ ಹೊಂದಾಣಿಕೆ 0.9 ಎಂದಿಟ್ಟುಕೊಳ್ಳೋಣ. ಕಂಪ್ಯೂಟರ್ ಎರಡು ಯಾದೃಚ್ಛಿಕ ಸಂಖ್ಯೆ ಎತ್ತುತ್ತದೆ: −1.5 ಮತ್ತು 0.4. ಮೊದಲನೆಯದು ನಿಫ್ಟಿಗೆ, ಶೇ 1.5 ಇಳಿಕೆ, 9,000 ರೂಪಾಯಿ ನಷ್ಟ. ಬ್ಯಾಂಕ್ ನಿಫ್ಟಿಗೆ ಮೊದಲನೆಯದರ 0.9 ಪಾಲಿಗೆ ಎರಡನೆಯದರ 0.436 ಪಾಲನ್ನು ಕೂಡಿಸಿದರೆ ಸುಮಾರು −1.18, ಅದನ್ನು 1.3ರಿಂದ ಗುಣಿಸಿದರೆ ಶೇ 1.53 ಇಳಿಕೆ, ಸುಮಾರು 6,100 ರೂಪಾಯಿ ನಷ್ಟ. ಒಟ್ಟು 15,100. ಇದು ಒಂದು ಕಾಲ್ಪನಿಕ ದಿನ. ಇಂಥ 10,000 ದಿನ ಹುಟ್ಟಿಸಿ ಜೋಡಿಸಿದರೆ ನೂರನೆಯ ಕೆಟ್ಟ ಸಾಲು 25,400ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಮತ್ತೊಮ್ಮೆ ಓಡಿಸಿದರೆ ಸುಮಾರು 400 ರೂಪಾಯಿ ಆಚೀಚೆ. ಒಂದೇ ಸಾವಿರ ದಿನ ಹುಟ್ಟಿಸಿದ್ದರೆ ಈ ಓಲಾಟ ಸಾವಿರ ರೂಪಾಯಿಯನ್ನು ದಾಟುತ್ತದೆ.

ಹಾಗಾದರೆ ಹತ್ತು ಲಕ್ಷ ಸಲ ಓಡಿಸಿದರೆ? ಉತ್ತರ ಅಲುಗಾಡುವುದು ನಿಲ್ಲುತ್ತದೆ, ಅಷ್ಟೇ. ಮೇಲಿನ ಸಂಖ್ಯೆಗಳನ್ನು ಎತ್ತಿದ್ದು ಗಂಟೆಯಾಕಾರದ ‘ನಾರ್ಮಲ್’ ಹಂಚಿಕೆಯಿಂದ. ಆ ಹಂಚಿಕೆಯ ಪ್ರಕಾರ 67 ಸಾವಿರ ಕಳೆದುಕೊಳ್ಳುವ ದಿನ ಹತ್ತು ಲಕ್ಷ ವರ್ಷಕ್ಕೊಮ್ಮೆಯೂ ಬರಬಾರದು. ನಮ್ಮ ಪೇಟೆಯಲ್ಲಿ 2020 ಮತ್ತು 2024ರ ನಡುವೆಯೇ ಅದು ಒಂದಕ್ಕಿಂತ ಹೆಚ್ಚು ಸಲ ಬಂದಿದೆ. ಹಂಚಿಕೆಯ ಅಂಚುಗಳು ನಿಜಜೀವನದಲ್ಲಿ ಇನ್ನೂ ದಪ್ಪ. ತಿಳಿದವರು ನಾರ್ಮಲ್ ಬಿಟ್ಟು ‘ಸ್ಟೂಡೆಂಟ್ ಟಿ’ಯಂಥ ಹಂಚಿಕೆ ಹಿಡಿಯುವುದು ಇದಕ್ಕೇ. ಇಷ್ಟಾದರೂ ಮಾಂಟೆ ಕಾರ್ಲೊವನ್ನು ಬಿಡಲಾಗದು. ಪೇಟೆ ಕಂಡೇ ಇರದ ಸಂದರ್ಭಗಳನ್ನು ಪರೀಕ್ಷಿಸಲು, ಆಪ್ಷನ್‌ಗಳಂಥ ಡೊಂಕು ವ್ಯವಹಾರಗಳಿಗೆ ಬೆಲೆ ಕಟ್ಟಲು ಅದು ಬೇಕು.

ಯಾವ ದಾರಿ ಹಿಡಿದರೂ ಲೆಕ್ಕ ಸರಿಯಿದೆಯೇ ಎಂದು ತಿಳಿಯುವ ಬಗೆ ಸರಳ: ದಿನವೂ ವಾರ್ ಬರೆದಿಟ್ಟು ಮರುದಿನದ ನಿಜವಾದ ನಷ್ಟದ ಪಕ್ಕದಲ್ಲಿ ಇಡುವುದು. 250 ದಿನದಲ್ಲಿ ಶೇ 99ರ ಗೆರೆ ಎರಡು ಮೂರು ಸಲ ದಾಟಿದರೆ ಸಹಜ. ಬಾಸೆಲ್ ಸಮಿತಿಯ ನಿಯಮದಲ್ಲಿ ನಾಲ್ಕರವರೆಗೆ ಹಸಿರು, ಐದರಿಂದ ಒಂಬತ್ತು ಹಳದಿ, ಹತ್ತಾದರೆ ಕೆಂಪು. ಹಸಿರು ದಾಟಿದ ಬ್ಯಾಂಕು ಹೆಚ್ಚು ಬಂಡವಾಳ ಕಟ್ಟಿಡಬೇಕು. ಒಂದೂ ಸಲ ದಾಟದಿದ್ದರೂ ಅನುಮಾನಿಸಬೇಕು, ವಾರ್ ಅತಿಯಾಗಿ ಉಬ್ಬಿರಬಹುದು.

ಐದನೆಯ ಸಾಲು ತನಗಿಂತ ಮೇಲಿನ ನಾಲ್ಕನ್ನು ನೋಡುವುದಿಲ್ಲವೆಂಬ ಕೊರತೆ ಮಾತ್ರ ಇದರಿಂದ ನೀಗದು. ಅದನ್ನು ಸರಿಪಡಿಸಲು ಬಾಸೆಲ್ ಸಮಿತಿ 2016ರಲ್ಲಿ ಹೊರಡಿಸಿದ ಮಾನದಂಡದಲ್ಲಿ ಬ್ಯಾಂಕುಗಳ ಬಂಡವಾಳದ ಲೆಕ್ಕಕ್ಕೆ ವಾರ್ ಬದಲು ‘ಎಕ್ಸ್‌ಪೆಕ್ಟೆಡ್ ಶಾರ್ಟ್‌ಫಾಲ್’ ತಂದಿತು. ಇದು ಅತಿ ಕೆಟ್ಟ ಶೇ 2.5ರಷ್ಟು ದಿನಗಳ ನಷ್ಟದ ಸರಾಸರಿ. 500 ಸಾಲುಗಳಿದ್ದರೆ ಮೇಲಿನ ಹನ್ನೆರಡು ಹದಿಮೂರು ಸಾಲುಗಳೆಲ್ಲವೂ ಅದರೊಳಗೆ ಬರುತ್ತವೆ, ಜೂನ್ 4ರ 67,380 ಕೂಡ.